ಹೆಸರು ಬದಲಿಸುವ ಮುನ್ನ ಕೈಯಲ್ಲಿರಬೇಕಾದ ಕಾಗದ

ಮದುವೆಯಾದ ಹೆಣ್ಣು ಗಂಡನ ಹೆಸರು ಸೇರಿಸಿಕೊಳ್ಳಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ತವರಿನ ಹೆಸರಿನಲ್ಲೇ ಬ್ಯಾಂಕ್ ಖಾತೆ, ಪಾಸ್‌ಪೋರ್ಟ್ ಎಲ್ಲವೂ ಕೊನೆಯವರೆಗೆ ನಡೆಯುತ್ತವೆ. ಬದಲಿಸಬೇಕೆಂದು ತಾವೇ ನಿರ್ಧರಿಸಿದವರು ಮಾತ್ರ ಮುಂದಿನ ಓಡಾಟಕ್ಕೆ ಇಳಿದರೆ ಸಾಕು.

ದಾವಣಗೆರೆಯ ಕಾವ್ಯ ಬಸವರಾಜ್ ಮದುವೆಯ ನಂತರ ಕಾವ್ಯ ಮಹೇಶ್ ಆಗಬೇಕು ಎಂದುಕೊಳ್ಳಿ. ಲಗ್ನಪತ್ರಿಕೆ, ಕಲ್ಯಾಣಮಂಟಪದ ರಸೀದಿ ಇದಕ್ಕೆ ಸಾಲುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸಿ ಪಡೆದ ಪ್ರಮಾಣಪತ್ರ ಬೇಕು. ಅದನ್ನು ಪಡೆಯುವಾಗಲೇ ಹೆಸರನ್ನು ಆಧಾರ್ ಕಾರ್ಡಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಒಂದರಲ್ಲಿ ‘ಕಾವ್ಯ ಬಿ.’, ಇನ್ನೊಂದರಲ್ಲಿ ‘ಕಾವ್ಯ ಬಸವರಾಜ್’ ಎಂದಿದ್ದರೆ ಮುಂದಿನ ಪ್ರತಿ ಕೌಂಟರಿನಲ್ಲೂ ತಕರಾರು ಏಳುತ್ತದೆ.

ನಂತರ ಆಧಾರ್, ಪ್ಯಾನ್, ಆಮೇಲೆ ಬ್ಯಾಂಕ್ ಎಂದು ಹೋಗುವುದು ಒಳ್ಳೆಯದು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಸಾಮಾನ್ಯವಾಗಿ ಎರಡೇ ಅವಕಾಶ. ಕಾಗುಣಿತ ತಪ್ಪಿಸಿ ಒಂದನ್ನು ಕಳೆದುಕೊಳ್ಳಬಾರದು. ಹೊಸ ಆಧಾರ್ ಬರುವ ತನಕ ಬ್ಯಾಂಕಿನ ಕೆಲಸ ಆಗುವುದೇ ಇಲ್ಲ ಎಂದೇನಿಲ್ಲ. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದ ಪ್ರಕಾರ, ಹಳೆಯ ಹೆಸರಿನ ಗುರುತಿನ ದಾಖಲೆಯ ಜೊತೆ ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರ ಅಥವಾ ಗೆಜೆಟ್ ಅಧಿಸೂಚನೆ ಕೊಟ್ಟರೆ ಅದು ಮಾನ್ಯ. ಕೌಂಟರಿನಲ್ಲಿ ‘ಆಗಲ್ಲ’ ಅಂದರೆ ಈ ನಿಯಮವನ್ನು ಮ್ಯಾನೇಜರ್ ಮುಂದೆ ಎತ್ತಿ ಹೇಳಬಹುದು. ಸಹಿಯನ್ನೂ ಬದಲಿಸುವುದಾದರೆ, ಸಾಲದ ಕಂತಿಗೆಂದು ಮುಂಗಡವಾಗಿ ಕೊಟ್ಟ ಚೆಕ್‌ಗಳನ್ನು ಮೊದಲು ವಾಪಸ್ ಪಡೆಯಿರಿ. ಸಹಿ ಹೊಂದದಿದ್ದರೆ ಅವು ತಿರಸ್ಕೃತವಾಗುತ್ತವೆ.

ಮದುವೆಯ ಕಾರಣವಿಲ್ಲದೆ ಇಡೀ ಹೆಸರನ್ನೇ ಬದಲಿಸುವವರ ದಾರಿ ಉದ್ದ. ಛಾಪಾ ಕಾಗದದ ಮೇಲೆ ಹಳೆಯ ಹೆಸರು, ಹೊಸ ಹೆಸರು, ತಂದೆಯ ಹೆಸರು, ವಿಳಾಸ ಬರೆದು ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕು. ಎರಡು ದಿನಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಆ ಪುಟಗಳನ್ನು ಇಡಿಯಾಗಿ ಎತ್ತಿಡಬೇಕು. ಕೊನೆಗೆ ಗೆಜೆಟ್‌ನಲ್ಲಿ ಪ್ರಕಟವಾಗಬೇಕು. ಬರೀ ಅಫಿಡವಿಟ್ ಹಿಡಿದು ಬ್ಯಾಂಕಿಗೆ ಹೋಗಿ ಬರಿಗೈಲಿ ಮರಳುವವರೇ ಹೆಚ್ಚು.

ಪಾಸ್‌ಪೋರ್ಟ್‌ನಲ್ಲಿ ಇರುವ ಪುಸ್ತಕವನ್ನು ತಿದ್ದುವುದಿಲ್ಲ. ‘ರೀ-ಇಶ್ಯೂ’ ಅರ್ಜಿ ಹಾಕಿದರೆ ಹೊಸ ಸಂಖ್ಯೆಯ ಹೊಸ ಪುಸ್ತಕ ಬರುತ್ತದೆ, ಹಳೆಯದನ್ನು ರದ್ದು ಮಾಡುತ್ತಾರೆ. ಮದುವೆಯ ಕಾರಣಕ್ಕಾದರೆ ವಿವಾಹ ಪ್ರಮಾಣಪತ್ರ ತೋರಿಸಬಹುದು. ನಮ್ಮಲ್ಲಿ ಹೆಸರಿನ ಜೊತೆ ಇನಿಷಿಯಲ್ ಬರೆಯುವ ರೂಢಿಯಿದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ವಿದೇಶಕ್ಕೆ ಟಿಕೆಟ್ ಆಗಿದ್ದರೆ ಪ್ರಯಾಣ ಮುಗಿಯುವ ತನಕ ಪಾಸ್‌ಪೋರ್ಟ್ ಮುಟ್ಟಬೇಡಿ, ಟಿಕೆಟ್ಟಿನ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಲಿ.

ಮದುವೆಯಾಯಿತೆಂದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಬದಲಿಸಬೇಕಿಲ್ಲ. ಅದರಲ್ಲಿರುವ ಕಾವ್ಯ ಬಸವರಾಜ್ ಇವರೇ ಎಂದು ತೋರಿಸುವುದು ಆ ವಿವಾಹ ಪ್ರಮಾಣಪತ್ರ. ಅದರ ಮೂಲಪ್ರತಿಯನ್ನು ಯಾವ ಕಚೇರಿಗೂ ಬಿಟ್ಟುಕೊಡದೆ, ತೋರಿಸಿ ವಾಪಸ್ ತನ್ನಿ.