ಎಳ್ಳಿನ ತಟ್ಟೆ ಕೊಟ್ಟು ಲೈಕ್ ಕೇಳುವುದೇ?

ಅಡುಗೆಯ ರೀಲ್ಸ್ ಮಾಡುವ ನನ್ನ ಗೆಳತಿ ಸಂಕ್ರಾಂತಿಯ ಹಿಂದಿನ ದಿನ ಒಂದು ಶುಭಾಶಯ ಬರೆದು ತೋರಿಸಿದಳು. ‘ನನ್ನ ಪ್ರೀತಿಯ ಫ್ಯಾಮಿಲಿಗೆ ಹಬ್ಬದ ಶುಭಾಶಯಗಳು. ನೀವಿಲ್ಲದೆ ನಾನಿಲ್ಲ. ಇಷ್ಟವಾದರೆ ಲೈಕ್ ಮಾಡಿ, ಐದು ಜನಕ್ಕೆ ಶೇರ್ ಮಾಡಿ, ಕಮೆಂಟಲ್ಲಿ ಎಳ್ಳುಬೆಲ್ಲ ಅಂತ ಹಾಕಿ.’

‘ಇದನ್ನ ಸೀರೆ ಅಂಗಡಿಯವರೂ ಹಾಕಬಹುದಲ್ಲೇ’ ಅಂದೆ. ಮುಖ ಸಣ್ಣ ಮಾಡಿಕೊಂಡಳು.

ಕೊನೆಯ ಸಾಲಿನಿಂದ ಲಾಭವೂ ಇಲ್ಲ. ಹೀಗೆ ಲೈಕು, ಶೇರು, ಕಮೆಂಟು ಬೇಡುವ ಪೋಸ್ಟುಗಳನ್ನು ಕಡಿಮೆ ಜನರಿಗೆ ತೋರಿಸುತ್ತೇವೆಂದು ಫೇಸ್‌ಬುಕ್ 2017ರ ಡಿಸೆಂಬರಿನಲ್ಲೇ ಹೇಳಿತ್ತು. ಅದನ್ನು ಬಿಡಿ. ಎಳ್ಳು ಬೀರಲು ಬಂದ ಹುಡುಗಿ ಕಬ್ಬಿನ ತುಂಡು, ಸಕ್ಕರೆ ಅಚ್ಚು ಕೊಟ್ಟು, ‘ನಮ್ಮನೆಗೂ ತಂದುಕೊಡಿ’ ಎಂದು ಬಾಗಿಲಲ್ಲೇ ನಿಂತರೆ ಹೇಗಿರುತ್ತದೆ?

‘ಈ ವರ್ಷ ನೋಡುಗರು ಹೇಳಿದ್ದರಲ್ಲಿ ನಿನಗೆ ನೆನಪಿರೋದು ಏನು?’ ಎಂದು ಕೇಳಿದೆ. ತಕ್ಷಣ ಹೇಳಿದಳು. ಹಿಂದಿನ ವರ್ಷ ಅವಳ ಎಳ್ಳುಬೆಲ್ಲ ಎರಡೇ ದಿನಕ್ಕೆ ಅಂಟಂಟಾಗಿತ್ತು. ಅದನ್ನು ನೋಡಿದ ಅಜ್ಜಿಯೊಬ್ಬರು, ‘ಹೆಚ್ಚಿದ ಕೊಬ್ಬರಿ, ಬೆಲ್ಲ ಎರಡನ್ನೂ ಬಿಸಿಲಿಗೆ ಹಾಕದೆ ಬೆರೆಸಿದರೆ ಹೀಗೇ ಆಗೋದು’ ಎಂದು ಬರೆದಿದ್ದರಂತೆ. ಈ ಸಲ ಎರಡು ದಿನ ತಾರಸಿಯ ಮೇಲೆ ಒಣಗಿಸಿದ್ದಾಳೆ. ಡಬ್ಬ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ.

ಹಾಗಾದರೆ ಬರೆಯಬೇಕಾದ್ದು ಅದೇ. ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರದವರೆಗೆ ಬರೆಯಬಹುದಾದರೂ ಫೋನಿನಲ್ಲಿ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಆ ಒಂದೆರಡು ಸಾಲನ್ನು ‘ಎಲ್ಲರಿಗೂ ನಮಸ್ಕಾರ’ಕ್ಕೆ ಕಳೆದರೆ ಹೇಳಬೇಕಾದ ಮಾತು ಒಳಗೇ ಉಳಿಯುತ್ತದೆ. ಅಜ್ಜಿಗೆ ಮೆಸೇಜ್ ಮಾಡಿ ಒಪ್ಪಿಗೆ ಕೇಳಿದಳು. ‘ಹೆಸರು ಬೇಡಮ್ಮ, ಅಜ್ಜಿ ಅಂದರೆ ಸಾಕು’ ಎಂದರು. ಕೊನೆಗೆ ಹೀಗಾಯಿತು:

‘ಹೋದ ವರ್ಷ ನನ್ನ ಎಳ್ಳುಬೆಲ್ಲ ಅಂಟಿಕೊಂಡಿದ್ದು ನಿಮಗೆ ನೆನಪಿರಬಹುದು. ಬಿಸಿಲಿಗೆ ಹಾಕು ಅಂತ ಒಬ್ಬರು ಅಜ್ಜಿ ಹೇಳಿಕೊಟ್ಟರು. ಈ ಸಲ ಒಂದು ಚೂರೂ ಅಂಟಿಲ್ಲ. ತಪ್ಪು ಕಂಡಾಗ ನಗದೆ ತಿದ್ದಿದಿರಿ, ಅದಕ್ಕೆ ನಿಮಗೆ ಥ್ಯಾಂಕ್ಸ್. ಸಂಕ್ರಾಂತಿ ಹಬ್ಬದ ಶುಭಾಶಯಗಳು.’

‘ನೀವಿಲ್ಲದೆ ನಾನಿಲ್ಲ’ ತಾನಾಗಿಯೇ ಉದುರಿಹೋಯಿತು. ಕೆಳಗೆ ತನ್ನ ಉಪ್ಪಿನಕಾಯಿ ಆರ್ಡರಿನ ನಂಬರ್ ಹಾಕಲೇ ಎಂದಳು. ನಾಳಿದ್ದು ಬೇರೆ ಪೋಸ್ಟಿನಲ್ಲಿ ಹಾಕು ಎಂದೆ. ಧನ್ಯವಾದದ ಬೆನ್ನಿಗೆ ವ್ಯಾಪಾರ ಬಂದರೆ ಮೊದಲಿನದ್ದೂ ವ್ಯಾಪಾರವಾಗಿಯೇ ಕಾಣುತ್ತದೆ. ಫೋಟೋ ಕೂಡ ರೇಷ್ಮೆ ಸೀರೆಯದ್ದಲ್ಲ, ತಾರಸಿಯ ಮೇಲೆ ಹಳೆಯ ಪಂಚೆಯಲ್ಲಿ ಹರಡಿದ ಕೊಬ್ಬರಿಯದ್ದು.

ಸಂಜೆಗೆ ಅಜ್ಜಿಯ ಕಮೆಂಟ್ ಬಂತು: ‘ಚೆನ್ನಾಗಿ ಒಣಗಿದೆ. ಕಡ್ಲೆಬೀಜದ ಸಿಪ್ಪೆ ಮಾತ್ರ ಇನ್ನೂ ಅಲ್ಲಲ್ಲಿ ಉಳಿದಿದೆಯಲ್ಲಮ್ಮ.’