ಪ್ರಶ್ನೆ ಉಳಿಯಿತು, ಫೋಟೊ ಹೋಯಿತು

‘ಎಡಗಡೆ ನಿಂತವರು ಯಾರು?’ ಎಂಬ ಪ್ರಶ್ನೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂ ಇದೆ. ಆ ಮದುವೆ ಫೋಟೊ ಮಾತ್ರ ತೆರೆಯುವುದಿಲ್ಲ. ಎರಡೂ ಒಂದೇ ಕಡೆ ಇರಲೇ ಇಲ್ಲವಲ್ಲ!

ಫೋಟೊ ಕಳಿಸಿದಾಗ ಫೋನ್ ಅದನ್ನು ಗೂಢಲಿಪಿಗೆ ತಿರುಗಿಸಿ ಸರ್ವರ್‌ಗೆ ಏರಿಸುತ್ತದೆ. ಸಂದೇಶದೊಳಗೆ ಹೋಗುವುದು ಅದರ ವಿಳಾಸ, ಬಿಡಿಸುವ ಕೀಲಿ, ಜೊತೆಗೊಂದು ಮಸುಕು ಕಿರುಚಿತ್ರ. ಒಂದು ಸಾಲು ಮಾತಿಗೆ ಕೆಲವು ನೂರು ಬೈಟ್ ಸಾಕು. ಫೋಟೊಗೆ ಲಕ್ಷಗಟ್ಟಲೆ ಬೇಕು. ಬೆರೆಸಿಟ್ಟರೆ ಹುಡುಕಾಟವೂ ರವಾನೆಯೂ ನಿಧಾನ. ಆ ಸರ್ವರ್ ಕೂಡ ಫೋಟೊವನ್ನು ತಾತ್ಕಾಲಿಕವಾಗಿ ಮಾತ್ರ ಇಟ್ಟುಕೊಳ್ಳುತ್ತದೆ.

ಆಂಡ್ರಾಯ್ಡ್ ಫೋನಿನಲ್ಲೂ ಮಾತು msgstore.db ಎಂಬ ಡೇಟಾಬೇಸಿನಲ್ಲಿ, ಫೋಟೊ ಬೇರೆ ಫೋಲ್ಡರಿನಲ್ಲಿ. ಜಾಗ ಸಾಲದೆ ಗ್ಯಾಲರಿ ಗುಡಿಸಿದರೆ ಡೇಟಾಬೇಸಿನಲ್ಲಿ ವಿಳಾಸವಷ್ಟೇ ಉಳಿಯುತ್ತದೆ. ಕಿರುಚಿತ್ರ ಕಂಡರೂ ಒತ್ತಿದಾಗ ತೆರೆಯದಿದ್ದರೆ ಬಹುಮಟ್ಟಿಗೆ ಆಗಿರುವುದು ಇದೇ. ಕಳಿಸಿದವರ ಬಳಿ ಮೂಲ ಇದ್ದರೆ ಮತ್ತೆ ಕೇಳಿ ತರಿಸಿಕೊಳ್ಳಬಹುದು.