ಶಾಲೆ ಬ್ಯಾಗಿನೊಳಗೆ ಹೋದ ನೀರು

ಮೇ ತಿಂಗಳ ಕೊನೆಯ ಬಿಸಿಲು ಇರುವಾಗಲೇ ಶಾಲೆ ಬ್ಯಾಗನ್ನು ಒಗೆದುಬಿಡುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ಒಗೆದರೆ ಅದು ಒಣಗುವುದೇ ಇಲ್ಲ. ಬ್ಯಾಗ್ ಒಗೆಯುವಾಗ ಕೊಳೆ ಬಿಡಿಸುವುದು ಸುಲಭ, ಒಳಗೆ ಹೋದ ನೀರನ್ನು ಹೊರಗೆ ತರುವುದೇ ಕಷ್ಟ.

ಬಹುಪಾಲು ಶಾಲೆ ಬ್ಯಾಗುಗಳು ಪಾಲಿಯೆಸ್ಟರಿನವು. ಮಳೆನೀರು ಇಳಿಯಬಾರದೆಂದು ಬಟ್ಟೆಯ ಒಳಮೈಗೆ ತೆಳ್ಳಗೆ ಪ್ಲಾಸ್ಟಿಕ್ ಲೇಪ ಹಚ್ಚಿರುತ್ತಾರೆ. ಜಿಪ್ ಹಾಕಿದ ಬ್ಯಾಗನ್ನು ಮೆಷಿನ್ನಿಗೆ ಹಾಕಿದರೆ ನೀರು ಹೊಲಿಗೆಗಳ ಸಂದಿನಿಂದ ಒಳಗೆ ಹೋಗುತ್ತದೆ, ಆದರೆ ಆ ಲೇಪದಿಂದಾಗಿ ಬೇಗ ಹೊರಗೆ ಬರುವುದಿಲ್ಲ. ಸ್ಪಿನ್ ಶುರುವಾದಾಗ ಡ್ರಮ್ಮಿನ ಒಂದೇ ಪಕ್ಕದಲ್ಲಿ ಲೀಟರುಗಟ್ಟಲೆ ನೀರಿನ ಭಾರ ನಿಲ್ಲುತ್ತದೆ. ಮೆಷಿನ್ ದಡದಡ ಸದ್ದು ಮಾಡುತ್ತಾ ಜಾಗ ಬಿಟ್ಟು ಸರಿಯುವುದು ಇದರಿಂದಲೇ. ಆ ಸದ್ದು ಕೇಳಿದ ಕೂಡಲೇ ಮೆಷಿನ್ ನಿಲ್ಲಿಸಿ, ಬ್ಯಾಗನ್ನು ತೆಗೆದು, ನೀರು ಬಸಿಯಬೇಕು. ಹಾಗಾಗಿ ಎಲ್ಲ ಜಿಪ್‌ಗಳೂ, ಚಿಕ್ಕ ಜೇಬಿನದೂ ಸೇರಿ, ತೆರೆದಿರಲಿ. ತೆರೆದ ಜಿಪ್ಪಿನ ರನ್ನರ್ ಬೇರೆ ಬಟ್ಟೆಗೆ ಸಿಕ್ಕಿಕೊಳ್ಳದಂತೆ ಬ್ಯಾಗನ್ನು ದೊಡ್ಡ ಜಾಲರಿ ಚೀಲದಲ್ಲೋ ಹಳೆಯ ದಿಂಬಿನ ಕವರಿನಲ್ಲೋ ಹಾಕಿ ಬಾಯಿ ಕಟ್ಟಿ.

ಮೆಷಿನ್ನಿಗೆ ಹಾಕುವ ಮೊದಲು ತಳವನ್ನು ಕೈಯಿಂದ ಬಗ್ಗಿಸಿ ನೋಡಿ. ಕಡಿಮೆ ಬೆಲೆಯ ಬ್ಯಾಗುಗಳಲ್ಲಿ ತಳ ಗಟ್ಟಿಯಾಗಿ ನಿಲ್ಲಲು ರಟ್ಟು ಇಟ್ಟು ಹೊಲಿದಿರುತ್ತಾರೆ. ಬಗ್ಗಿಸಿದಾಗ ಮಡಿಕೆಯ ಗೆರೆ ಹಾಗೇ ಉಳಿದರೆ ಅದು ರಟ್ಟು. ನೀರಿಗೆ ಬಿದ್ದರೆ ಮುದ್ದೆಯಾಗುತ್ತದೆ. ಒಳಗಿನ ಲೇಪವನ್ನೂ ಉಗುರಿನಿಂದ ಕೆರೆದು ನೋಡಿ. ಅಂಟಂಟಾಗಿದ್ದರೆ ಅಥವಾ ಬಿಳಿಯ ಹೊಟ್ಟಿನಂತೆ ಉದುರಿದರೆ ಮೆಷಿನ್ ಅದನ್ನು ಪೂರ್ತಿ ಕಿತ್ತುಹಾಕುತ್ತದೆ. ಇಂಥ ಬ್ಯಾಗುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತೊಗಲಿನ ಪಟ್ಟಿ ಇರುವವು, ಒಳಗೆ ಲೋಹದ ಚೌಕಟ್ಟು ಇರುವ ಚಾರಣದ ಬ್ಯಾಗುಗಳು ಕೂಡ ಮೆಷಿನ್ನಿಗೆ ಬೇಡ.

ಇವು ಯಾವುವೂ ಇಲ್ಲವೆಂದರೆ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿ. ಪೆನ್ಸಿಲ್ ಚೂರು, ರಬ್ಬರ್ ಪುಡಿ, ಯಾವ ಜೇಬಿನಲ್ಲೋ ಉಳಿದ ಬಾಲ್‌ಪೆನ್, ಎಲ್ಲವೂ ಹೊರಗೆ ಬರಲಿ. ಭುಜದ ಪಟ್ಟಿಗಳಲ್ಲಿ ಬೆವರು ಹೆಚ್ಚು ಹಿಡಿದಿರುತ್ತದೆ. ಅವನ್ನು ಮಾತ್ರ ಮೊದಲು ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಊಟದ ಡಬ್ಬಿಯಿಂದ ಸಾರು ಚೆಲ್ಲಿದ ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಗಾಗುತ್ತದೆ. ಹೆದರಬೇಡಿ, ಸೋಪಿನ ಕ್ಷಾರಕ್ಕೆ ಅರಿಶಿನ ಬಣ್ಣ ಬದಲಿಸುತ್ತದೆ ಅಷ್ಟೇ. ಉಳಿದ ಹಳದಿ ಬಿಸಿಲಿಗೆ ಮಾಸುತ್ತದೆ.

ಉದ್ದ ಪಟ್ಟಿಗಳನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಬಕಲ್‌ಗಳನ್ನು ಸೇರಿಸಿಬಿಡಿ. ಬಿಡಿಯಾಗಿ ಬಿಟ್ಟರೆ ಟಾಪ್ ಲೋಡ್ ಮೆಷಿನ್ನಿನಲ್ಲಿ ಕೆಳಗಿನ ಚಕ್ರಕ್ಕೆ ಸುತ್ತಿಕೊಂಡು ಹೊಲಿಗೆ ಕೀಳುತ್ತವೆ. ತೂಕ ಸರಿದೂಗಲು ಎರಡು ಟವೆಲ್ ಜೊತೆಗೆ ಹಾಕಿ. ತಣ್ಣೀರು, ಡೆಲಿಕೇಟ್ ಸೈಕಲ್, ದಿನದ ಅರ್ಧದಷ್ಟು ಲಿಕ್ವಿಡ್ ಸೋಪು. ಪುಡಿ ಹಾಕಿದರೆ ಅದು ಹೊಲಿಗೆಗಳಲ್ಲಿ ಕೂತು ಒಣಗಿದ ಮೇಲೆ ಬಿಳಿ ಗೆರೆಗಳಾಗಿ ಕಾಣುತ್ತದೆ. ಬಿಸಿನೀರು ಒಳಗಿನ ಲೇಪಕ್ಕೆ ಶತ್ರು. ಸ್ಪಿನ್ನನ್ನು ಇರುವುದರಲ್ಲೇ ಕಡಿಮೆ ವೇಗಕ್ಕಿಡಿ. ಸೆಮಿ ಆಟೊಮ್ಯಾಟಿಕ್ ಇದ್ದರೆ ಒಣಗಿಸುವ ತೊಟ್ಟಿಗೆ ಬ್ಯಾಗ್ ಹಾಕಲೇಬೇಡಿ.

ಫೋಮ್ ವಿಷಯಕ್ಕೆ ಬಂದರೆ, ಬೆನ್ನಿಗೆ ಒತ್ತುವ ಗಟ್ಟಿ ಹಾಳೆಯಂಥ ಫೋಮ್ ಸಾಮಾನ್ಯವಾಗಿ ನೀರು ಕುಡಿಯುವುದಿಲ್ಲ. ಭುಜದ ಪಟ್ಟಿಯೊಳಗಿನ ಮೆತ್ತನೆ ಸ್ಪಂಜು ಕುಡಿಯುತ್ತದೆ, ಮತ್ತು ಬಿಡಲು ಸತಾಯಿಸುತ್ತದೆ. ಅದನ್ನು ಹಿಂಡಿ ತಿರುಚಬೇಡಿ, ಒಳಗೆ ಮಡಿಚಿಕೊಂಡು ಗಂಟಾಗುತ್ತದೆ. ಒಣ ಟವೆಲ್ಲಿನ ನಡುವೆ ಇಟ್ಟು ಅಂಗೈಯಿಂದ ಒತ್ತಿ. ಬ್ಯಾಗನ್ನು ಬಾಯಿ ಕೆಳಗೆ ಮಾಡಿ, ಗಾಳಿಯಾಡುವ ನೆರಳಿನಲ್ಲಿ ನೇತುಹಾಕಿ. ದಿನವಿಡೀ ಬಿರುಬಿಸಿಲು ತಾಗಿದರೆ ಬಣ್ಣ ಮಾಸುತ್ತದೆ, ನೈಲಾನ್ ದಾರ ಸೊರಗುತ್ತದೆ. ಹೊರಗೆ ಒಣಗಿದಂತೆ ಕಂಡರೂ ಪಟ್ಟಿಯನ್ನು ಬೆರಳ ನಡುವೆ ಬಲವಾಗಿ ಒತ್ತಿ ಒಂದು ಕ್ಷಣ ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ, ಮತ್ತೊಂದು ದಿನ ಬಿಡಿ. ಹಾಗೇ ಪುಸ್ತಕ ತುಂಬಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಹತ್ತಿಯ ಕ್ಯಾನ್ವಾಸ್ ಚೀಲದ್ದು ಬೇರೆ ಕಥೆ. ಅದರಿಂದ ನೀರು ಸುಲಭವಾಗಿ ಹೊರಟುಹೋಗುತ್ತದೆ, ಆದರೆ ಬಟ್ಟೆ ಕುಗ್ಗುತ್ತದೆ. ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆದು, ಒದ್ದೆ ಇರುವಾಗಲೇ ಅಂಚುಗಳನ್ನು ಎಳೆದು ಮಟ್ಟಸವಾಗಿ ಹಾಸಿ ಒಣಗಿಸಿ. ಬಣ್ಣದ ಚೀಲವಾದರೆ ಮೊದಲ ಸಲ ಬೇರೆ ಬಟ್ಟೆಯ ಜೊತೆ ಹಾಕಬೇಡಿ.

ಬ್ಯಾಗ್ ಪೂರ್ತಿ ಒಣಗಿದ ಮೇಲೆ ಜಿಪ್ ಬಿಗಿಯಾಗಿ ಓಡಿದರೆ ಹಲ್ಲುಗಳ ಮೇಲೆ ಮೇಣದಬತ್ತಿ ಉಜ್ಜಿ ನಾಲ್ಕೈದು ಸಲ ಎಳೆದಾಡಿ. ರನ್ನರ್ ಮುಂದೆ ಹೋದಂತೆ ಹಿಂದೆ ಹಲ್ಲು ಬಿಟ್ಟುಕೊಂಡರೆ ಅದು ಒಗೆದ ದೋಷವಲ್ಲ. ರನ್ನರ್‌ನ ಬಾಯಿ ಸವೆದು ಅಗಲವಾಗಿದೆ. ಅದರ ಎರಡು ಪಕ್ಕವನ್ನೂ ಇಕ್ಕಳದಿಂದ ಒಂದಿಷ್ಟೇ ಒತ್ತಿ ನೋಡಿ. ಅದಕ್ಕೂ ಬಗ್ಗದಿದ್ದರೆ ಬ್ಯಾಗ್ ರಿಪೇರಿಯವರು ರನ್ನರ್ ಒಂದನ್ನೇ ಬದಲಿಸಿಕೊಡುತ್ತಾರೆ, ಇಡೀ ಜಿಪ್ ಕೀಳಬೇಕಾಗಿಲ್ಲ.